ಹತ್ತು ಪತ್ರದ ವಾರ

ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಬೇರೆಯವರ ಪ್ರಾಜೆಕ್ಟುಗಳಿಗೆ ಪ್ಲಾನು ಬರೆಯುವುದೇ ನನ್ನ ಹೊಟ್ಟೆಪಾಡು. ಹೋದ ವರ್ಷ ಮೊದಲ ಸಲ ಹೆಂಡತಿಗಾಗಿ ಒಂದು ಬರೆದೆ. ಅದು ಮೂರೇ ವಾರದಲ್ಲಿ ಕೆಟ್ಟು ಕೂತಿತು.

ಅವಳು ಧಾರವಾಡದವಳು. ಮಗಳು ಹುಟ್ಟುವ ಮೊದಲು ಟೆಕ್ನಿಕಲ್ ರೈಟರ್ ಆಗಿದ್ದಳು. ಸಾಫ್ಟ್‌ವೇರುಗಳಿಗೆ ಯೂಸರ್ ಗೈಡು, ಹೆಲ್ಪ್ ಪುಟ ಬರೆಯುವ ಕೆಲಸ. ಎಂಟು ವರ್ಷದ ಬಿಡುವಿನ ಮೇಲೆ ಫ್ರೀಲಾನ್ಸ್ ಮಾಡುತ್ತೇನೆ ಎಂದಳು. ನಾನು ಆಗ ಪ್ರಾಜೆಕ್ಟು ಮುಗಿದು ಬೆಂಚಿನ ಮೇಲಿದ್ದೆ. ಮನೆ ಸಾಲದ ಕಂತು ಮಾತ್ರ ಬೆಂಚಿನ ಮೇಲೆ ಕೂರುವುದಿಲ್ಲವಲ್ಲ.

ನನ್ನ ಪ್ಲಾನಿನಲ್ಲಿ ಮೊದಲ ತಿಂಗಳು ಕಲಿಕೆ, ಎರಡನೆಯದು ಪೋರ್ಟ್‌ಫೋಲಿಯೊ, ಮೂರನೆಯದು ಗಿರಾಕಿಗಳನ್ನು ಹುಡುಕುವುದು. ಕೊನೆಗೆ ‘ಗುರಿ: ಇಬ್ಬರು ಗಿರಾಕಿಗಳು’. ಮೂರು ವಾರವಾದಾಗ ಅವಳು ಎರಡು ಕೋರ್ಸು ಮುಗಿಸಿ ಮೂರನೆಯದಕ್ಕೆ ಸೇರಿದ್ದಳು. ಒಂದು ಪತ್ರವೂ ಹೋಗಿರಲಿಲ್ಲ. ಕಲಿಕೆಗೆ ಕೊನೆಯಿಲ್ಲ, ಅಲ್ಲಿ ಯಾರೂ ಬೇಡ ಅನ್ನುವುದೂ ಇಲ್ಲ. ಹಾಗಾಗಿ ಅಂಜಿಕೆ ಇರುವವರಿಗೆ ಅದು ಒಳ್ಳೆಯ ಅಡಗುತಾಣ. ಆಫೀಸಿನಲ್ಲಿ ಎಲ್ಲವನ್ನೂ ಸಣ್ಣ ತುಂಡುಗಳಲ್ಲಿ ಮಾಡಿ ಎಂದು ಹೇಳುವ ನಾನು ಮನೆಯಲ್ಲಿ ಅದನ್ನೇ ಮರೆತಿದ್ದೆ.

‘ಇಬ್ಬರು ಗಿರಾಕಿಗಳು’ ಎಂಬ ಸಾಲಿಗೆ ಬೆರಳಿಟ್ಟು ಅವಳು ಕೇಳಿದಳು, “ಅಲ್ರೀ, ಅವರು ಹೂಂ ಅನ್ನೋದು ನನ್ನ ಕೈಯಾಗ ಅದ ಏನು? ಪತ್ರ ಕಳಸೋದಷ್ಟ ನನ್ನ ಕೈಯಾಗ ಅದ.”

ನಾಲ್ಕನೇ ವಾರದಿಂದ ಅವಳ ಮಾತಿನ ಮೇಲೆಯೇ ಹೊಸ ಪ್ಲಾನು ಮಾಡಿದೆವು. ಮೂರೂ ಕೆಲಸ ಪ್ರತಿ ವಾರ ನಡೆಯಬೇಕು. ವಾರಕ್ಕೆ ಹತ್ತು ಪತ್ರ, ಐದು ಹಳೆಯ ಸಹೋದ್ಯೋಗಿಗಳಿಗೆ, ಐದು ಪರಿಚಯವಿಲ್ಲದ ಸಣ್ಣ ಕಂಪನಿಗಳಿಗೆ. ಉತ್ತರ ಬಾರದವರಿಗೆ ವಾರದ ನಂತರ ಒಂದೇ ನೆನಪೋಲೆ. ಎಂಟನೇ ವಾರದೊಳಗೆ ಮೂರು ಮಾದರಿ. ಹಳೆಯ ಕಂಪನಿಯ ಕೆಲಸವನ್ನು ತೋರಿಸುವ ಹಾಗಿರಲಿಲ್ಲ. ಅದಕ್ಕೇ ಓಪನ್ ಸೋರ್ಸ್ ಪ್ರಾಜೆಕ್ಟೊಂದರ ಅರ್ಥವಾಗದ README ಕಡತವನ್ನು ತಿದ್ದಿ ಬರೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಳು. ಕಲಿಕೆಗೆ ವಾರಕ್ಕೆ ನಾಲ್ಕೇ ಗಂಟೆ, ಅದೂ ಆ ವಾರದ ಮಾದರಿಗೆ ಬೇಕಾದದ್ದು ಮಾತ್ರ.

ಪ್ರತಿ ಶುಕ್ರವಾರ ಸಂಜೆ ಚಹಾದ ಜೊತೆ ಹದಿನೈದು ನಿಮಿಷ ಲೆಕ್ಕ ನೋಡುತ್ತಿದ್ದೆವು. ಉತ್ತರವೇ ಬಾರದಿದ್ದರೆ ದೋಷ ಪತ್ರದಲ್ಲೋ ವಿಳಾಸದ ಪಟ್ಟಿಯಲ್ಲೋ ಇದೆ. ಉತ್ತರ ಬಂದು ಮಾತುಕತೆಗೆ ಕರೆಯದಿದ್ದರೆ ಮಾದರಿಯನ್ನು ನೋಡಬೇಕು. ಮಾತಾಡಿಯೂ ಕೆಲಸ ಸಿಗದಿದ್ದರೆ ದರವನ್ನು, ಅಥವಾ ಏನು ಮಾಡಿಕೊಡುತ್ತೇನೆಂದು ಹೇಳುವ ರೀತಿಯನ್ನು.

ಮೊದಲ ನಾಲ್ಕು ವಾರ ನಲವತ್ತು ಪತ್ರಕ್ಕೆ ಐದು ಉತ್ತರ. ನಾಲ್ಕು ಹಳೆಯ ಪರಿಚಯದವರದೇ. ಅಪರಿಚಿತರಿಗೆ ಹೋದ ಪತ್ರ ತೆಗೆದು ನೋಡಿದೆವು. ನಾಲ್ಕು ಪ್ಯಾರಾ, ಎಲ್ಲ ಅವಳ ಅನುಭವದ್ದೇ. ಅದನ್ನು ಬಿಟ್ಟು, ಆ ಕಂಪನಿಯ ಹೆಲ್ಪ್ ಪುಟದಲ್ಲಿ ಹೊಸಬರು ಎಡವುವ ಒಂದು ಜಾಗವನ್ನು ತೋರಿಸಿ, ಅದನ್ನು ತಿದ್ದಿದ ನಾಲ್ಕು ಸಾಲು ಕಳಿಸತೊಡಗಿದಳು. ಮುಂದಿನ ಮೂರು ವಾರದ ಮೂವತ್ತು ಪತ್ರಕ್ಕೆ ಆರು ಉತ್ತರ, ಮೂರು ಮಾತುಕತೆ.

ಮೂರೂ ದರದ ಹತ್ತಿರ ನಿಂತವು. ಪದಕ್ಕಿಷ್ಟು ಎಂದರೆ ಕೊನೆಗೆ ಎಷ್ಟಾದೀತೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬರಿಗೆ ಮತ್ತೆ ಬರೆದಳು: ಆರು ಪುಟದ ಆರಂಭದ ಗೈಡು, ₹18,000, ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ. ಹನ್ನೊಂದನೇ ವಾರ ₹9,000 ಜಮೆಯಾಯಿತು. ಬ್ಯಾಂಕಿನ ಮೆಸೇಜನ್ನು ಅವಳು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದಳು.

ತಪ್ಪು ಆಮೇಲೂ ಆಯಿತು. ಕೆಲಸ ಸಿಕ್ಕ ಖುಷಿಗೆ ಹನ್ನೆರಡನೇ ವಾರ ಪತ್ರ ಸೊನ್ನೆ. ಗೈಡು ಒಪ್ಪಿಸಿ ಬಾಕಿ ಹಣ ಬಂದಾಗ ಮುಂದೆ ಕೆಲಸವಿರಲಿಲ್ಲ. ಎಷ್ಟೇ ಕೆಲಸವಿರಲಿ, ವಾರಕ್ಕೆ ಮೂರು ಪತ್ರ ಹೋಗಲೇಬೇಕೆಂಬ ಸಾಲು ಸೇರಿದ್ದು ಆಗ.

ತೊಂಬತ್ತು ದಿನಕ್ಕೆ ಒಟ್ಟು ಗಳಿಕೆ ಆ ₹18,000. ಅದರಿಂದ ನಮ್ಮ ಒಂದು ಕಂತೂ ಪೂರ್ತಿ ತೀರುವುದಿಲ್ಲ. ಈ ಅವಧಿಯಲ್ಲಿ ಸಂಬಳದಷ್ಟು ಬರುತ್ತದೆಂದು ನಂಬಿ ಕೆಲಸ ಬಿಡುವುದು ಬೇಡ. ಕೆಲವು ತಿಂಗಳ ಖರ್ಚು ಕೈಯಲ್ಲಿರಲಿ. ಆದರೆ ಎಲ್ಲಿ ಬಿಗಿಹಿಡಿದಿದೆ ಎಂದು ಹುಡುಕಲು ಅಷ್ಟು ದಿನ ಸಾಕಾಯಿತು.

ನಾನೀಗ ಹೊಸ ಪ್ರಾಜೆಕ್ಟಿನಲ್ಲಿದ್ದೇನೆ. ಶುಕ್ರವಾರದ ಚಹಾ ನಿಂತಿಲ್ಲ. ಹಾಳೆ ಮಾತ್ರ ಈಗ ಅವಳ ಕೈಯಲ್ಲಿರುತ್ತದೆ, ನಾನು ಚಹಾ ಮಾಡುತ್ತೇನೆ.