ಧನುರ್ಮಾಸದ ವೇಳಾಪಟ್ಟಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನಿಗೆ ಸಂಗೀತದ ಹುಚ್ಚು, ಅವನ ಪತ್ನಿಗೆ ನೃತ್ಯದ್ದು. "ಸರ್, ಈ ಸಲ ಚೆನ್ನೈನ ಡಿಸೆಂಬರ್ ಸಂಗೀತೋತ್ಸವಕ್ಕೆ ಇಬ್ಬರೂ ಹೋಗೋಣವೆಂದಿದ್ದೇವೆ. ಹತ್ತು ದಿನ ರಜೆ ಸಿಗುತ್ತದೆ. ನೀವು ಹೋಗಿ ಬಂದವರು, ಹೇಗೆ ಯೋಜನೆ ಹಾಕಬೇಕು ಹೇಳಿ" ಎಂದ. ಆಗ ನಾಲ್ಕು ಮಾತು ಹೇಳಿದೆನಾದರೂ ಸಮಾಧಾನವಾಗಲಿಲ್ಲ. ಹೇಳಬೇಕಾದ ಮುಖ್ಯ ಸಂಗತಿ ನನ್ನದೇ ಒಂದು ತಪ್ಪಿನ ಕಥೆ. ಅದನ್ನು ದೂರವಾಣಿಯಲ್ಲಿ ಹೇಳಲು ಸಂಕೋಚವಾಯಿತು. ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈಕೆಳಗೆ ಓದಿದವರಿಗೆ ನೆನಪಿರಬಹುದು, ಶಾಲೆಯ ವೇಳಾಪಟ್ಟಿ ತಯಾರಿಸುವ ಕೆಲಸ ಇಪ್ಪತ್ತು ವರ್ಷ ನನ್ನದೇ ಆಗಿತ್ತು. ಯಾವ ತರಗತಿಗೆ ಯಾವ ಪಿರಿಯಡ್, ಯಾವ ಮೇಷ್ಟ್ರು ರಜೆ ಹಾಕಿದರೆ ಯಾರು ಬದಲಿ, ಎಲ್ಲವೂ ಬಣ್ಣದ ಪೆನ್ಸಿಲಿನಲ್ಲಿ ಚೌಕ ಚೌಕವಾಗಿ ಇರುತ್ತಿತ್ತು. 2018ರಲ್ಲಿ ನಾವಿಬ್ಬರೂ ಮೊದಲ ಬಾರಿಗೆ ಚೆನ್ನೈಗೆ ಹೊರಟಾಗ ನಾನು ಅದೇ ವಿದ್ಯೆಯನ್ನು ಅಲ್ಲಿಯೂ ಪ್ರಯೋಗಿಸಿದೆ. ದಿನಕ್ಕೆ ನಾಲ್ಕು ಕಛೇರಿ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ಅಂತರ. ಮ್ಯೂಸಿಕ್ ಅಕಾಡೆಮಿ, ನಾರದ ಗಾನ ಸಭಾ, ತ್ಯಾಗರಾಯನಗರದ ವಾಣಿ ಮಹಲ್, ಮೈಲಾಪುರದ ಭಾರತೀಯ ವಿದ್ಯಾಭವನ, ಹೀಗೆ ಎಂಟು ದಿನಗಳ ಪಟ್ಟಿ. ಕಾಗದದ ಮೇಲೆ ಅದು ಬಹಳ ಸುಂದರವಾಗಿತ್ತು.

ತಪ್ಪು ಎಲ್ಲಿತ್ತೆಂದರೆ, ಕಛೇರಿಯು ತರಗತಿಯ ಪಿರಿಯಡ್ ಅಲ್ಲ. ಎರಡೂವರೆ ಗಂಟೆಯ ಕಛೇರಿಯಲ್ಲಿ ಮೊದಲು ವರ್ಣ, ಆಮೇಲೆ ಎರಡು ಮೂರು ಕೃತಿಗಳು, ಅಷ್ಟು ಹೊತ್ತಿಗೆ ಗಾಯಕರ ಕಂಠ ಹದಕ್ಕೆ ಬಂದಿರುತ್ತದೆ. ಅಂದಿನ ಪ್ರಧಾನ ರಾಗದ ಆಲಾಪನೆ ಆರಂಭವಾಗುವುದೇ ಸುಮಾರು ಒಂದು ಗಂಟೆ ಕಳೆದ ಮೇಲೆ. ಅದರ ಕೃತಿ, ನೆರವಲ್, ಸ್ವರಪ್ರಸ್ತಾರ ಮುಗಿದು ಮೃದಂಗದವರ ತನಿ ಆವರ್ತನ ಬರುವ ವೇಳೆಗೆ ಎರಡು ಗಂಟೆ ಸಮೀಪಿಸಿರುತ್ತದೆ. ಮುಂದಿನ ಸಭೆಯಲ್ಲಿ ಆರಂಭಕ್ಕೇ ಜಾಗ ಹಿಡಿಯಬೇಕೆನ್ನುವವನು ಸರಿಯಾಗಿ ಆ ಹೊತ್ತಿಗೆ ಎದ್ದು ಹೊರಡಬೇಕು. ತನಿ ಆರಂಭವಾದೊಡನೆ ಸಭಾಂಗಣದಿಂದ ಜನ ಏಳುವುದು ಅಲ್ಲಿನ ಹಳೆಯ ರೋಗ. ಆ ಸಾಲಿನಲ್ಲಿ ನಾನೂ ಇದ್ದೆ. ಗಂಟೆಗಟ್ಟಲೆ ತಾಳಕ್ಕೆ ಆಧಾರವಾಗಿ ಕುಳಿತ ಕಲಾವಿದನಿಗೆ ತನ್ನದೆಂದು ಸಿಗುವುದು ಆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲೇ ಬೆನ್ನು ತೋರಿಸಿ ನಡೆದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ನನ್ನಾಕೆ ಕೇಳಿದಳು: "ಇವತ್ತು ಮಧ್ಯಾಹ್ನ ಕೇಳಿದ ತೋಡಿ ಯಾರದು?" ನನಗೆ ಹೇಳಲಾಗಲಿಲ್ಲ. ಅದು ಆ ದಿನದ್ದೋ ಹಿಂದಿನ ದಿನದ್ದೋ ಎಂಬುದೂ ಖಚಿತವಿರಲಿಲ್ಲ. ಕಛೇರಿಗಳು ಹೆಚ್ಚಾದವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ರಾತ್ರಿ ಮಲಗುವ ಮುನ್ನ ಅಂದು ಕೇಳಿದ್ದನ್ನು ಹಾಡಿದವರ ಹೆಸರಿನೊಂದಿಗೆ ಹೇಳಲಾಗದಿದ್ದರೆ ಮರುದಿನ ಒಂದನ್ನು ಕಡಿಮೆ ಮಾಡಬೇಕು. ನಾನು ಮಾಡಲಿಲ್ಲ.

ನಿಜವಾದ ತಪ್ಪು ನಡೆದದ್ದು ಐದನೆಯ ದಿನ. ನನ್ನಾಕೆ ಮದುವೆಗೆ ಮುಂಚೆ ಎಂಟು ವರ್ಷ ಭರತನಾಟ್ಯ ಕಲಿತವಳು. ನಮ್ಮ ಮನೆಗೆ ಬಂದ ಮೇಲೆ ಅದು ನಿಂತಿತು. ಯಾರೂ ಬೇಡವೆನ್ನಲಿಲ್ಲ, ಮುಂದುವರಿಸು ಎಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಪಟ್ಟಿಯಲ್ಲಿ ಅವಳು ಕೇಳಿ ಬರೆಸಿದ್ದು ಒಂದೇ ಒಂದು ಸಂಜೆ: ತಿರುವಾನ್ಮಿಯೂರಿನ ಕಲಾಕ್ಷೇತ್ರದ ನೃತ್ಯ. ಅಂದು ಆಳ್ವಾರಪೇಟೆಯಲ್ಲಿ ಸಂಜೆ ನಾಲ್ಕರ ಕಛೇರಿಯಿತ್ತು. ಅದನ್ನು ಮುಗಿಸಿಕೊಂಡೇ ಹೋಗೋಣವೆಂದು ನಾನು ಪಟ್ಟುಹಿಡಿದೆ. ಆಟೋ ಅಡ್ಯಾರಿನ ಸಂಜೆಯ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಿತು. ನಾವು ಒಳಗೆ ಹೋಗುವಷ್ಟರಲ್ಲಿ ಕಾರ್ಯಕ್ರಮದ ಬಹುಭಾಗ ಮುಗಿದಿತ್ತು. ಅವಳು ಏನೂ ಅನ್ನಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮಾತ್ರ, "ನಿಮ್ಮ ಪಟ್ಟಿಯಲ್ಲಿ ನನ್ನದು ಬದಲಿ ಪಿರಿಯಡ್ ಆಗಿತ್ತು ಅಂತ ಕಾಣುತ್ತೆ" ಎಂದಳು. ಮೂವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಅವಳು ಆಡಿದ ಅತ್ಯಂತ ಕಠಿಣವಾದ ಮಾತು ಅದು.

ಕೋವಿಡ್ ಕಾಲ ಕಳೆದ ಮೇಲೆ ಎರಡನೆಯ ಬಾರಿ ಹೋದೆವು. ಈ ಸಲ ಪಟ್ಟಿ ಬೇರೆ ಬಗೆಯದು. ನನ್ನ ವಿದ್ಯಾರ್ಥಿಗೆ ಹೇಳಬೇಕಾದದ್ದು ಇದನ್ನೇ.

ಮೊದಲನೆಯದು ದಿನಗಳ ಆಯ್ಕೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ ಅರವತ್ತು ದಿನಗಳಿಗೆ ಇಳಿದಿದೆ. ಡಿಸೆಂಬರ್ 27ರ ಪ್ರಯಾಣಕ್ಕೆ ಅಕ್ಟೋಬರ್ 28ರಂದು ಟಿಕೆಟ್ ತೆಗೆಯಬಹುದು. ಆದರೆ ಸಭೆಗಳ ಪೂರ್ಣ ಕಾರ್ಯಕ್ರಮಪಟ್ಟಿ ಸಾಮಾನ್ಯವಾಗಿ ಕೈಗೆ ಸಿಗುವುದು ಅದಕ್ಕೂ ತಡವಾಗಿ. ಆದ್ದರಿಂದ ಕಲಾವಿದರ ಹೆಸರು ನೋಡಿ ದಿನ ಗೊತ್ತುಮಾಡಲಾಗದು. ಋತುವಿನ ಸ್ವಭಾವ ನೋಡಿ ಗೊತ್ತುಮಾಡಬೇಕು. ಆ ಸ್ವಭಾವ ಹೀಗಿದೆ: ಅಕಾಡೆಮಿಯ ಸಂಗೀತ ಸಮ್ಮೇಳನ ಡಿಸೆಂಬರ್ 15ರ ಸುಮಾರಿಗೆ ಆರಂಭವಾಗಿ ಜನವರಿ 1ರ ಸದಸ್‌ನೊಂದಿಗೆ ಮುಗಿಯುತ್ತದೆ. ಆ ಸದಸ್‌ನಲ್ಲಿಯೇ ಸಂಗೀತ ಕಲಾನಿಧಿ ಬಿರುದು ಪ್ರದಾನ. ಒಂದೆರಡು ದಿನ ಬಿಟ್ಟು ಅದೇ ಸಭಾಂಗಣದಲ್ಲಿ ಒಂದು ವಾರದ ನೃತ್ಯೋತ್ಸವ. ಕಲಾಕ್ಷೇತ್ರದ ಕಲಾ ಉತ್ಸವ ಡಿಸೆಂಬರಿನ ಕೊನೆಯ ಭಾಗದಲ್ಲಿ ಬರುವುದು ವಾಡಿಕೆ. ಕೃಷ್ಣ ಗಾನ ಸಭೆಯ ನಾಟ್ಯಕಲಾ ಸಮ್ಮೇಳನವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಸಂಗೀತಪ್ರಿಯರು ಡಿಸೆಂಬರ್ ನಡುವಿಗೆ ಹೋಗಿ ಕ್ರಿಸ್‌ಮಸ್ ಹೊತ್ತಿಗೆ ಹಿಂದಿರುಗುತ್ತಾರೆ. ನಾವು ಮೊದಲ ಸಲ ಮಾಡಿದ್ದೂ ಅದನ್ನೇ. ಇಬ್ಬರ ಅಭಿರುಚಿಗೂ ಹೊಂದುವುದು ವರ್ಷದ ಸಂಧಿಕಾಲ, ಡಿಸೆಂಬರ್ 27ರಿಂದ ಜನವರಿ 5ರವರೆಗೆ. ಸಂಗೀತ ಮುಗಿಯುವುದನ್ನೂ ನೃತ್ಯ ಮೊದಲಾಗುವುದನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ಹಿಂಗಾರಿನ ಮಳೆಯ ಅಬ್ಬರವೂ ಆ ವೇಳೆಗೆ ಸಾಮಾನ್ಯವಾಗಿ ಇಳಿದಿರುತ್ತದೆ.

ಎರಡನೆಯದು ವಾಸಸ್ಥಳ. ಕೋಣೆಯನ್ನು ಮೈಲಾಪುರದಲ್ಲಿ ಹಿಡಿಯುವುದು ಲೇಸು, ಅದೂ ಸೆಪ್ಟೆಂಬರಿನಲ್ಲೇ. ಹೊರದೇಶದಲ್ಲಿ ನೆಲೆಸಿದವರು ಆ ದಿನಗಳಿಗೆ ಬಹಳ ಮುಂಚೆಯೇ ಕಾದಿರಿಸುತ್ತಾರೆ. ಅಲ್ಲಿಂದ ವಿದ್ಯಾಭವನ ಮತ್ತು ಮೈಲಾಪುರ್ ಫೈನ್ ಆರ್ಟ್ಸ್ ಕ್ಲಬ್ ನಡೆದೇ ಹೋಗುವಷ್ಟು ಹತ್ತಿರ. ಅಕಾಡೆಮಿ, ನಾರದ ಗಾನ ಸಭೆಗಳಿಗೆ ಆಟೋದಲ್ಲಿ ಸ್ವಲ್ಪ ದೂರ. ಕಲಾಕ್ಷೇತ್ರಕ್ಕೆ ಮಾತ್ರ ಸಂಜೆ ರಸ್ತೆಯನ್ನು ನಂಬಬಾರದು. ತಿರುಮಯಿಲೈ ನಿಲ್ದಾಣದಿಂದ ವೇಳಚ್ಚೇರಿ ಕಡೆಗೆ ಹೋಗುವ ರೈಲು ಹಿಡಿದರೆ ಸುಮಾರು ಕಾಲು ಗಂಟೆಯಲ್ಲಿ ತಿರುವಾನ್ಮಿಯೂರು, ಅಲ್ಲಿಂದ ಆಟೋ. 2018ರಲ್ಲಿ ಇದು ನನಗೆ ಗೊತ್ತಿದ್ದರೆ ಈ ಲೇಖನವನ್ನೇ ಬರೆಯಬೇಕಾಗಿರಲಿಲ್ಲ.

ಮೂರನೆಯದು ದಿನಚರಿ. ಎರಡನೆಯ ಸಲ ನಾವು ಡಿಸೆಂಬರ್ 30ನ್ನು ಕಳೆದ ಬಗೆಯನ್ನು ಹೇಳುತ್ತೇನೆ. ಬೆಳಿಗ್ಗೆ ಎಂಟರ ಸುಮಾರಿಗೆ ಅಕಾಡೆಮಿಯಲ್ಲಿ ಸೋದಾಹರಣ ಉಪನ್ಯಾಸ. ಅದಕ್ಕೆ ಟಿಕೆಟ್ ಇಲ್ಲ. ವಿದ್ವಾಂಸರು ಒಂದು ರಾಗದ ಹಳೆಯ ರೂಪವನ್ನೋ ಒಂದು ಪಾಠಾಂತರವನ್ನೋ ಹಾಡಿ ತೋರಿಸಿ ಚರ್ಚಿಸುತ್ತಾರೆ, ಮೇಷ್ಟ್ರಾಗಿದ್ದವರಿಗೆ ಹಬ್ಬ. ಅದಾದ ಮೇಲೆ ಸಭೆಯ ಕ್ಯಾಂಟೀನಿನಲ್ಲಿ ಬಾಳೆಯೆಲೆ ಊಟ. ಹನ್ನೊಂದೂವರೆಗೆ ಹೋದರೆ ಜಾಗವುಂಟು, ಒಂದು ಗಂಟೆಗೆ ಹೋದರೆ ಕಾಯುವ ಸಾಲು. ಬಳಿಕ ಕೋಣೆಗೆ ಹೋಗಿ ನಿದ್ದೆ. ಮಧ್ಯಾಹ್ನದ ಉಚಿತ ಕಛೇರಿಗಳಲ್ಲಿ ಹಾಡುವವರು ಹೆಚ್ಚಾಗಿ ಎಳೆಯರು, ಅವರಲ್ಲಿ ಬಹಳ ಒಳ್ಳೆಯವರಿರುತ್ತಾರೆ; ಅದಕ್ಕೆ ಬೇರೊಂದು ದಿನವನ್ನು ಮೀಸಲಿಟ್ಟೆವು. ಸಂಜೆ ಒಂದೇ ಕಛೇರಿ, ವರ್ಣದಿಂದ ಮಂಗಳದವರೆಗೆ, ಕುಳಿತ ಜಾಗದಿಂದ ಏಳದೆ. ಹಗಲು ಒಂದು, ಸಂಜೆ ಒಂದು. ಮೂರನೆಯದು ಅದೇ ಕಟ್ಟಡದಲ್ಲಿದ್ದರೆ ಮಾತ್ರ. ಒಂದು ಶಾಲು ಜೊತೆಗಿರಲಿ. ಹೊರಗೆ ಸೆಕೆಯಿದ್ದರೂ ಸಭಾಂಗಣದ ಹವಾನಿಯಂತ್ರಣದ ಚಳಿ ಎರಡು ಗಂಟೆಯಲ್ಲಿ ಮೂಳೆಗೆ ಇಳಿಯುತ್ತದೆ.

ಇನ್ನು ಕಲಾಕ್ಷೇತ್ರದ ಸಂಜೆ. ಆ ದಿನದ ಚೌಕದಲ್ಲಿ ಬೇರೇನನ್ನೂ ಬರೆಯಲಿಲ್ಲ. ಒಂದು ಗಂಟೆ ಮೊದಲೇ ಹೋಗಿ ಅಲ್ಲಿನ ಮರಗಳ ಕೆಳಗೆ ಕುಳಿತಿದ್ದೆವು. ಅಂದು ಅವರ ರಾಮಾಯಣ ನೃತ್ಯನಾಟಕಗಳಲ್ಲೊಂದು. ಅದರ ಸಂಗೀತ ನಮ್ಮ ಮೈಸೂರು ವಾಸುದೇವಾಚಾರ್ಯರದು. 1935ರಲ್ಲಿ ಸಂಗೀತ ಕಲಾನಿಧಿಗಳಾಗಿದ್ದ ಅವರು ಇಳಿವಯಸ್ಸಿನಲ್ಲಿ ಕಲಾಕ್ಷೇತ್ರಕ್ಕೆ ಹೋಗಿ ನೆಲೆಸಿ, ರುಕ್ಮಿಣೀದೇವಿಯವರ ರಾಮಾಯಣಮಾಲೆಗೆ ರಾಗ ಕೂಡಿಸಿದರು. 1955ರ 'ಸೀತಾ ಸ್ವಯಂವರ'ದಿಂದ ಮೊದಲಾದ ಆ ಕೆಲಸ ಮುಗಿಯುವ ಮುನ್ನ, 1961ರಲ್ಲಿ, ಆಚಾರ್ಯರು ತೀರಿಕೊಂಡರು. ಉಳಿದ ಭಾಗವನ್ನು ಪೂರೈಸಿದವರು ಅವರ ಮೊಮ್ಮಗ ರಾಜಾರಾಂ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಸಂಗೀತ ಹೆಜ್ಜೆಗಳ ಜೊತೆ ಹೇಗೆ ನಡೆಯುತ್ತದೆಂದು ನೋಡಿರಲಿಲ್ಲ. ರಾಗ ಒಂದು ಸಂಚಾರ ಮುಗಿಸಿ ನಿಂತಲ್ಲಿ ನರ್ತಕಿಯ ಕಣ್ಣು ಆ ಮಾತನ್ನು ಮುಂದುವರಿಸುತ್ತಿತ್ತು. ಅಲ್ಲಿಯವರೆಗೆ ಸಂಗೀತ ನನ್ನದು, ನೃತ್ಯ ಅವಳದು ಎಂದು ಮನೆಯ ಕಪಾಟಿನಂತೆ ಹಂಚಿಕೊಂಡಿದ್ದೆವು.

ನಡುವೆ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿದೆ. ಶಾಲಿನ ಕೆಳಗೆ ಅವಳ ಬೆರಳುಗಳು ಮುದ್ರೆ ಹಿಡಿಯುತ್ತಿದ್ದವು. ಅವಳಿಗೆ ಅದರ ಅರಿವಿರಲಿಲ್ಲ. ನಾನು ತಿಳಿಸಲೂ ಇಲ್ಲ. ಹಿಂದಿರುಗುವಾಗ ರೈಲಿನಲ್ಲಿ, "ನೀನು ನೃತ್ಯ ಬಿಟ್ಟದ್ದು ನಿನಗೆ ಬಹಳ ನೋವಾಗಿತ್ತೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಲಾದರೂ ಕೇಳಿದಿರಲ್ಲ" ಎಂದಳು.

ಆದ್ದರಿಂದ ಮಗೂ, ನಿನಗೆ ನನ್ನ ಸಲಹೆ ಇಷ್ಟೆ. ರೈಲಿನ ಟಿಕೆಟ್ ತೆಗೆಯುವ ಮೊದಲು ನಿನ್ನ ಪತ್ನಿಯನ್ನು ಕೂರಿಸಿಕೊಂಡು, ಅವಳು ತಪ್ಪಿಸಿಕೊಳ್ಳಲಾಗದ ಕಾರ್ಯಕ್ರಮ ಯಾವುದೆಂದು ಕೇಳು. ಅದರ ದಿನಾಂಕ ಪ್ರಕಟವಾದ ಕೂಡಲೇ ಶಾಯಿಯಲ್ಲಿ ಬರೆದು, ಆ ದಿನದ ಉಳಿದ ಚೌಕಗಳನ್ನು ಖಾಲಿ ಬಿಡು. ನಿನ್ನ ಕಛೇರಿಗಳನ್ನು ಪೆನ್ಸಿಲಿನಲ್ಲಿ ಬರೆದುಕೋ. ಅಳಿಸಬೇಕಾಗಿ ಬಂದರೆ ಅಳಿಸು. ತನಿ ಆವರ್ತನಕ್ಕೆ ಮಾತ್ರ ಎದ್ದು ಬರಬೇಡ.