ರಾತ್ರಿ ದೀಪಕ್ಕೊಂದು ಸೀರೆ

ಕ್ವಾಲಾಲಂಪುರದಲ್ಲಿ ವರ್ಷದ ಯಾವ ತಿಂಗಳಾದರೂ ಸೂರ್ಯ ಮುಳುಗುವುದು ಏಳರಿಂದ ಏಳೂವರೆಯ ಆಸುಪಾಸಿನಲ್ಲಿ. ಆರತಕ್ಷತೆಗೆ ಜನ ಸೇರುವಷ್ಟರಲ್ಲಿ ಹೊರಗೆ ಕತ್ತಲು. ಅಂಥ ಸಮಾರಂಭಕ್ಕೆಂದು ಕೊಂಡ ರೇಷ್ಮೆ ಸೀರೆಯನ್ನು ಜನ ನೋಡುವುದೆಲ್ಲ ಹಾಲಿನ ಹಳದಿ ದೀಪದಲ್ಲೇ. ಆದರೆ ಬ್ರಿಕ್‌ಫೀಲ್ಡ್ಸ್‌ನಲ್ಲೋ ಮಸ್ಜಿದ್ ಇಂಡಿಯಾ ಬೀದಿಯಲ್ಲೋ ನಾವದನ್ನು ಆರಿಸುವುದು ಬೆಳ್ಳಗೆ ಹೊಳೆಯುವ ಟ್ಯೂಬ್‌ಲೈಟ್ ಕೆಳಗೆ. ಈ ಎರಡು ಬೆಳಕುಗಳ ನಡುವೆ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಊಹಿಸುವುದು ನನಗೆ ತುಂಬ ಪ್ರೀತಿಯ ಕೆಲಸ. ನಂಟರು ಮದುವೆ ಸೀರೆಗೆ ಹೊರಟರೆ ನಾನು ಕರೆಯದೆಯೂ ಜೊತೆಗೆ ಹೋಗುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಆಟವಾಡಿಸುವ ಬಣ್ಣ ನೇರಳೆ. ನೇರಳೆ ಎಂದರೆ ಬಟ್ಟೆ ಕೆಂಪನ್ನೂ ನೀಲಿಯನ್ನೂ ಒಟ್ಟಿಗೆ ನಮ್ಮ ಕಣ್ಣಿಗೆ ಕಳಿಸುತ್ತಿದೆ ಎಂದರ್ಥ. ಹಳದಿ ಬೆಳಕಿನಲ್ಲಿ ನೀಲಿಯ ಅಂಶವೇ ಕಡಿಮೆ, ಇಲ್ಲದ್ದನ್ನು ಬಟ್ಟೆ ಕಳಿಸುವುದಾದರೂ ಎಲ್ಲಿಂದ? ಉಳಿಯುವುದು ಕೆಂಪು. ಅಂಗಡಿಯಲ್ಲಿ ನೇರಳೆ ಹಣ್ಣಿನಂತಿದ್ದ ಸೀರೆ ಹಾಲಿನಲ್ಲಿ ಕಂದು ಬೆರೆತ ಮರೂನ್ ಆಗುತ್ತದೆ. ಕಡುನೀಲಿ ಕಪ್ಪಿಗೆ ಹತ್ತಿರವಾಗುತ್ತದೆ. ಅರಿಸಿನ, ಕೇಸರಿ, ಕುಂಕುಮದ ಬಣ್ಣಗಳು ಅದೇ ದೀಪದಲ್ಲಿ ಇನ್ನಷ್ಟು ತುಂಬಿಕೊಳ್ಳುತ್ತವೆ. ಆದರೆ ಅಗ್ಗದ ಎಲ್‌ಇಡಿ ಇದ್ದಲ್ಲಿ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ಅವುಗಳಲ್ಲಿ ಗಾಢ ಕೆಂಪಿನ ಅಂಶ ಕೊರತೆಯಾಗಿ, ಒಳ್ಳೆಯ ಕುಂಕುಮ ಕೆಂಪೂ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ.

ನನ್ನ ನಾದಿನಿಯ ನೇರಳೆ ಮೈಸೂರು ಸಿಲ್ಕ್‌ಗೆ ಬ್ಲೌಸ್ ಬಟ್ಟೆ ಹುಡುಕಿದ್ದನ್ನೇ ಹೇಳುತ್ತೇನೆ. ಅಂಗಡಿಯವರು ತಂದ ಪಾಲಿಯೆಸ್ಟರ್ ಮಿಶ್ರಿತ ತುಂಡು ಸೀರೆಯ ಮೇಲಿಟ್ಟರೆ ಗೆರೆಯೂ ಕಾಣದಷ್ಟು ಒಂದಾಗಿತ್ತು. ನನ್ನ ಚೀಲದಲ್ಲಿ ಸದಾ ಒಂದು ಚಾರ್ಜ್ ಮಾಡುವ ಓದುವ ದೀಪವಿರುತ್ತದೆ, ಬಿಳಿ ಹಳದಿ ಎರಡೂ ಬೆಳಕು ಕೊಡುವಂಥದ್ದು. ಟ್ರಯಲ್ ರೂಮಿನ ದೀಪ ಆರಿಸಿ ಅದರ ಹಳದಿ ಹೊತ್ತಿಸಿದೆವು. ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟೆವು. ತಕ್ಷಣ ನೋಡಿದರೆ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ, ಅದನ್ನು ನಂಬಬಾರದು. ನಿಧಾನವಾಗಿ ಸೀರೆ ಕೆಂಪಿನತ್ತ ವಾಲಿತು, ಬ್ಲೌಸ್ ತುಂಡು ನೀಲಿಯಲ್ಲೇ ನಿಂತಿತು. ಒಂದೇ ಬಣ್ಣದಂತಿದ್ದವು ಈಗ ಅಕ್ಕಪಕ್ಕದ ಮನೆಯವರಷ್ಟೇ. ರೇಷ್ಮೆಗೂ ಪಾಲಿಯೆಸ್ಟರ್‌ಗೂ ಹಾಕುವ ಬಣ್ಣಗಳು ಬೇರೆ ಬೇರೆ; ಒಂದು ಬೆಳಕಿನಲ್ಲಿ ಕೂಡಿದವು ಇನ್ನೊಂದರಲ್ಲಿ ಕೂಡಲೇಬೇಕೆಂದಿಲ್ಲ. ಆ ತುಂಡು ಬಿಟ್ಟು ಜರಿಯ ಬಣ್ಣಕ್ಕೆ ಹೊಂದುವ ಹೊನ್ನಿನ ಬಣ್ಣದ ರೇಷ್ಮೆ ತೆಗೆದುಕೊಂಡೆವು. ಸೀರೆ ಯಾವ ಕಡೆಗೆ ವಾಲಿದರೂ ಅದು ಒಪ್ಪುತ್ತದೆ.

ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರಲಿ. ‘ಡೇಲೈಟ್’ ಎಂದು ಬರೆದಿರುವ 6500ರದ್ದು ಅಂಗಡಿಯ ಬೆಳಕೇ ಆಯಿತು. ಮೊಬೈಲ್ ಟಾರ್ಚ್ ಕೂಡ ಬೆಳ್ಳಗಿನದೇ, ಈ ಕೆಲಸಕ್ಕೆ ಬಾರದು. ಫೋಟೊ ತೆಗೆದು ನೋಡುವುದೂ ಸಲ್ಲ, ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಿಬಿಡುತ್ತದೆ. ಸೀರೆಯನ್ನು ಮೇಜಿನ ಮೇಲೆ ಹರಡಿ ನೋಡದೆ ನೆರಿಗೆ ಹಿಡಿದು ಹೆಗಲಿಗೆ ಹಾಕಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಬೇಕು. ನವಿಲುಕೊರಳಿನ ಬಣ್ಣದ ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಮಡಿಕೆಯಲ್ಲಿ ನೋಡಿದ್ದಕ್ಕೂ ಮೈಮೇಲೆ ಕಾಣುವುದಕ್ಕೂ ಅಲ್ಲಿ ಸಂಬಂಧವೇ ಇರುವುದಿಲ್ಲ.

ಈಗ ವೇದಿಕೆಗೆ ನೀಲಿ, ಗುಲಾಬಿ ಎಲ್‌ಇಡಿ ಹಾಯಿಸುವುದು ಸಾಮಾನ್ಯ. ಅದಕ್ಕೂ ಒಂದು ಉಪಾಯವಿದೆ. ಕತ್ತಲ ಟ್ರಯಲ್ ರೂಮಿನಲ್ಲಿ ಮೊಬೈಲ್ ಪರದೆಯ ತುಂಬ ಬರೀ ನೀಲಿ ತಂದು ಸೀರೆಯ ಹತ್ತಿರ ಹಿಡಿಯಿರಿ. ಕೆಂಪು ಸೀರೆ ಕಪ್ಪಾಗುವುದು ಕಣ್ಣೆದುರೇ ತಿಳಿಯುತ್ತದೆ. ವಧುವಿಗೆ ಕೊಳ್ಳುವಾಗ ಇದನ್ನು ನಾನು ತಪ್ಪಿಸುವುದೇ ಇಲ್ಲ.

ಒಡವೆಯ ವಿಚಾರ ಬೇರೆ. ಇಲ್ಲಿನ 916 ಚಿನ್ನಕ್ಕೆ ಹಳದಿ ದೀಪ ಅನುಕೂಲವೇ, ಮೆರುಗು ಹೆಚ್ಚುತ್ತದೆ. ತೊಂದರೆ ಕಲ್ಲುಗಳದು. ಕಡುನೀಲಿಯ ನೀಲಮಣಿ ರಾತ್ರಿ ಕಪ್ಪು ಕಲ್ಲಿನಂತಾಗುತ್ತದೆ, ಆದ್ದರಿಂದ ಒಂದು ಛಾಯೆ ತಿಳಿಯಾದದ್ದನ್ನೇ ಆರಿಸಬೇಕು. ವಜ್ರ ಮಿನುಗಲು ಚುಕ್ಕಿಯಂಥ ಸಣ್ಣ ದೀಪಗಳು ಬೇಕು. ಚಿನ್ನದಂಗಡಿಯ ಮೇಲ್ಛಾವಣಿ ತುಂಬ ಅವೇ. ಸೂರಿನ ಅಂಚಿನಲ್ಲಿ ದೀಪ ಬಚ್ಚಿಟ್ಟು ಹರಡು ಬೆಳಕು ಕೊಡುವ ಹಾಲಿನಲ್ಲಿ ಅದೇ ವಜ್ರ ಮಂಕು. ಸರವನ್ನು ಕೈಯಲ್ಲಿ ಮರೆಮಾಡಿ ಅಂಗಡಿಯ ನೆರಳಿನ ಮೂಲೆಗೆ ಒಯ್ದರೆ ಅದರ ನಿಜವಾದ ಶಕ್ತಿ ಗೊತ್ತಾಗುತ್ತದೆ. ಒಪ್ಪಿಗೆ ಕೇಳಿ ಒಯ್ಯಿರಿ, ಯಾರೂ ಬೇಡ ಎನ್ನುವುದಿಲ್ಲ.

ಸಾಧ್ಯವಾದರೆ ಹಾಲ್ ನೋಡಲು ಹೋಗುವಾಗ ಹಗಲು ಬಿಟ್ಟು ರಾತ್ರಿ ಎಂಟಕ್ಕೆ ಹೋಗಿ, ಸೀರೆಯನ್ನೂ ಜೊತೆಗೆ ಒಯ್ಯಿರಿ. ಅದಾಗದಿದ್ದರೆ ಬ್ಲೌಸ್ ತುಂಡನ್ನಾದರೂ ಹಳದಿ ದೀಪದ ಕೆಳಗೆ ನೋಡದೆ ದರ್ಜಿಗೆ ಕೊಡಬೇಡಿ. ಕತ್ತರಿ ಬಿದ್ದ ಬಟ್ಟೆಯನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.