ಶಾಯಿ, ಸ್ವರ ಮತ್ತು ಅಲ್ಲಾಹನ ವಚನ

ಕಳೆದ ವರ್ಷ ಕುಟುಂಬದೊಂದಿಗೆ ಸಾವನದುರ್ಗಕ್ಕೆ ಹೋಗಿದ್ದೆ. ಬೆಟ್ಟದ ಬುಡದಲ್ಲಿರುವ ದರ್ಗಾದಲ್ಲಿ ಫಾತಿಹಾ ಓದಿ ನೆರಳಲ್ಲಿ ಕುಳಿತಾಗ, ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಕೈಯಲ್ಲಿದ್ದ ಮುಸ್‌ಹಫನ್ನು ನೋಡುತ್ತಾ ಕೇಳಿದ: "ಮಾಮು, ಈ ಕಾಗದ ಕಾರ್ಖಾನೆಯಿಂದ ಬಂತು, ಶಾಯಿ ಮುದ್ರಣಾಲಯದಿಂದ ಬಂತು. ಎದುರಿಗಿರುವ ಈ ಬಂಡೆಯಂತೆ ಇವೂ ಸೃಷ್ಟಿಗಳೇ. ಹಾಗಿದ್ದ ಮೇಲೆ ಕುರ್‌ಆನ್ ಸೃಷ್ಟಿಯಲ್ಲ ಎಂದು ನೀವು ಕಲಿಸುವುದು ಹೇಗೆ?"

ನಾನು ಗದರಿಸಿದೆ. ಇಂತಹ ಮಾತು ಈಮಾನಿಗೆ ಅಪಾಯವೆಂದೆ. ಅವನು ಮುಸ್‌ಹಫನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಮಾಗಡಿ ತಲುಪುವವರೆಗೂ ಒಂದು ಮಾತನ್ನೂ ಆಡಲಿಲ್ಲ.

ಮನೆಗೆ ಬಂದ ಮೇಲೆ ಪುಸ್ತಕಗಳನ್ನು ತೆರೆದೆ. ಅವನ ಪ್ರಶ್ನೆ ಹೊಸದಾಗಿರಲಿಲ್ಲ, ಅದನ್ನು ಕೇಳಿದವರನ್ನು ಗದರಿಸಿದವರಲ್ಲಿ ನಾನು ಮೊದಲಿಗನೂ ಆಗಿರಲಿಲ್ಲ.

ಹಿಜರಿ 218ರಲ್ಲಿ, ಅಂದರೆ ಕ್ರಿ.ಶ. 833ರಲ್ಲಿ, ಖಲೀಫಾ ಮಅ್‌ಮೂನ್ ಬಗ್ದಾದಿನ ಅಧಿಕಾರಿ ಇಸ್‌ಹಾಕ್ ಬಿನ್ ಇಬ್ರಾಹೀಮನಿಗೆ ಪತ್ರ ಬರೆದು, ಕಾಝಿಗಳನ್ನೂ ಹದೀಸ್ ವಿದ್ವಾಂಸರನ್ನೂ ಕರೆಸಿ ಕುರ್‌ಆನ್ ಸೃಷ್ಟಿಯೆಂದು ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಇದೇ 'ಮಿಹ್ನಾ', ಪರೀಕ್ಷೆ. ಇದರ ಹಿಂದಿದ್ದ ವಾದ ಮುಅ್‌ತಝಿಲಾ ಪಂಥದ್ದು. ಅವರನ್ನು ಧರ್ಮದ ವೈರಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕಾಳಜಿ ತೌಹೀದಿನದೇ ಆಗಿತ್ತು. ಅನಾದಿ ಅಲ್ಲಾಹನೊಬ್ಬನೇ, ಅವನ ಜೊತೆ ಇನ್ನೊಂದು ವಸ್ತುವೂ ಅನಾದಿಯಾದರೆ ಏಕತ್ವ ಎಲ್ಲಿ ಉಳಿಯಿತು ಎಂಬುದು ಅವರ ಪ್ರಶ್ನೆ.

ಅನೇಕರು ಭಯದಿಂದ ಒಪ್ಪಿದರು. ಒಪ್ಪದೆ ಉಳಿದ ಇಮಾಮ್ ಅಹ್ಮದ್ ಬಿನ್ ಹಂಬಲ್ (ರ) ಮತ್ತು ಮುಹಮ್ಮದ್ ಬಿನ್ ನೂಹರನ್ನು ಸಂಕೋಲೆ ತೊಡಿಸಿ ಖಲೀಫಾನ ಶಿಬಿರದ ಕಡೆಗೆ ಕಳುಹಿಸಲಾಯಿತು. ಅವರು ತಲುಪುವ ಮೊದಲೇ ಮಅ್‌ಮೂನ್ ತೀರಿಕೊಂಡನು. ಹಿಂದಿರುಗುವ ದಾರಿಯಲ್ಲಿ ಇಬ್ನ್ ನೂಹ್ ಕೂಡ ಮೃತಪಟ್ಟರು. ಇಮಾಮರ ಬಂಧನ ಸುಮಾರು 28 ತಿಂಗಳು ನಡೆಯಿತು. ಮುಂದಿನ ಖಲೀಫಾ ಮುಅ್‌ತಸಿಮನ ಎದುರು ವಾಗ್ವಾದ ನಡೆದು, ಕೊನೆಗೆ ಚಾಟಿಯೇಟುಗಳೂ ಬಿದ್ದವು.

ಚಾಟಿಯೇಟಿನ ಕಥೆ ನಮಗೆಲ್ಲ ಗೊತ್ತು. ಆದರೆ ಆ ವಾದ ಏನಾಗಿತ್ತೆಂದು ನಾವು ಕೇಳುವುದೇ ಕಡಿಮೆ. ಸೂರಃ ಝುಖ್ರುಫ್‌ನ 3ನೇ ಆಯತ್ ಕುರ್‌ಆನನ್ನು ಅರಬಿಯದ್ದಾಗಿ 'ಮಾಡಿದ' ವಿಷಯ ಹೇಳುತ್ತದೆ. ಅಲ್ಲಿರುವ ಪದ 'ಜಅಲ'. ಮಾಡಲ್ಪಟ್ಟದ್ದು ಸೃಷ್ಟಿಯಾಗದೆ ಇನ್ನೇನು ಎಂದರು ಆಸ್ಥಾನದವರು. ಇಮಾಮರು ಸೂರಃ ಫೀಲ್‌ನ ಕೊನೆಯ ಆಯತನ್ನು ಮುಂದಿಟ್ಟರು. ಆನೆಗಳ ಸೇನೆಯನ್ನು ಅಲ್ಲಾಹನು ಮೇದುಳಿದ ಹುಲ್ಲಿನಂತೆ ಮಾಡಿದನೆಂದು ಅಲ್ಲಿದೆ, ಪದವೂ ಅದೇ 'ಜಅಲ'. ಆ ಸೈನಿಕರು ಆ ಕ್ಷಣದಲ್ಲಿ ಸೃಷ್ಟಿಯಾದರೇ? ಇಲ್ಲ, ಮೊದಲೇ ಇದ್ದವರು ಒಂದು ಸ್ಥಿತಿಗೆ ತರಲ್ಪಟ್ಟರು. ಹಾಗಾದರೆ ಆ ಒಂದು ಪದದ ಮೇಲೆ ಇಡೀ ತೀರ್ಮಾನವನ್ನು ನಿಲ್ಲಿಸುವುದು ಸಾಧ್ಯವಿಲ್ಲ. ಅಲ್ಲಾಹನು ಸಕಲ ವಸ್ತುಗಳ ಸೃಷ್ಟಿಕರ್ತನೆಂಬ ವಚನವನ್ನು ತಂದಾಗ ಅವರು ಆದ್ ಜನಾಂಗದ ಬಿರುಗಾಳಿಯನ್ನು ನೆನಪಿಸಿದರು. ಅದು 'ಸಕಲ ವಸ್ತುಗಳನ್ನು' ನಾಶಮಾಡಿತೆಂದು ಸೂರಃ ಅಹ್‌ಕಾಫ್ ಹೇಳುತ್ತದೆ, ಆದರೂ ಅಲ್ಲಾಹನು ಬಯಸಿದ್ದಷ್ಟೇ ನಾಶವಾಯಿತಲ್ಲವೇ? ತರ್ಕವನ್ನು ದೂಷಿಸಿದವರೆಂದು ನಾವು ಭಾವಿಸುವ ಇಮಾಮರು ಎಷ್ಟು ಚೊಕ್ಕವಾಗಿ ತರ್ಕಿಸಿದ್ದರು ನೋಡಿ!

ಮಿಹ್ನಾ ಖಲೀಫಾ ಮುತವಕ್ಕಿಲನ ಕಾಲದಲ್ಲಿ ಕೊನೆಗೊಂಡಿತು. ಆದರೆ ನನ್ನ ಸೋದರಳಿಯನ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಕುರ್‌ಆನ್ ಸೃಷ್ಟಿಯಲ್ಲವೆಂದು ಒಪ್ಪಿದವರ ನಡುವೆಯೇ ಅದು ಎದ್ದು ನಿಂತಿತು: ನನ್ನ ನಾಲಿಗೆಯ ಉಚ್ಚಾರಣೆ ಸೃಷ್ಟಿಯೋ ಅಲ್ಲವೋ? ನಿಶಾಪುರದಲ್ಲಿ ಇಮಾಮ್ ಬುಖಾರಿಯವರಿಗೆ (ರ) ಸಭೆಯಲ್ಲಿ ಇದೇ ಪ್ರಶ್ನೆ ಎದುರಾಯಿತು. ಕುರ್‌ಆನ್ ಅಲ್ಲಾಹನ ವಚನ, ಅದು ಸೃಷ್ಟಿಯಲ್ಲ. ದಾಸರ ಕ್ರಿಯೆಗಳು ಸೃಷ್ಟಿ. ಜನರನ್ನು ಹೀಗೆ ಪರೀಕ್ಷಿಸುವುದು ಬಿದ್‌ಅತ್ ಎಂಬುದು ಅವರ ಉತ್ತರದ ಸಾರ. ಓದುವುದು ಮನುಷ್ಯನ ಕ್ರಿಯೆ, ಓದಲ್ಪಡುವುದು ಅಲ್ಲಾಹನ ವಚನ. ಸ್ವರ, ಶಾಯಿ, ಕಾಗದ ನಮ್ಮ ಕಡೆಯವು. ಇಷ್ಟು ಹೇಳಿದ್ದಕ್ಕೇ ಅಲ್ಲಿನ ಹಿರಿಯ ವಿದ್ವಾಂಸ ಮುಹಮ್ಮದ್ ಬಿನ್ ಯಹ್ಯಾ ಝುಹ್ಲಿ ಅವರನ್ನು ವಿರೋಧಿಸಿದರು. ಜನ ಅವರ ಮಜ್ಲಿಸ್ ಬಿಟ್ಟರು, ಬುಖಾರಿಯವರು ನಿಶಾಪುರವನ್ನೇ ತೊರೆಯಬೇಕಾಯಿತು. ಝುಹ್ಲಿ ಮುಅ್‌ತಝಿಲಿಯಲ್ಲ, ಹದೀಸಿನವರೇ. ಇದನ್ನು ಓದಿದಾಗ ನನಗೆ ದರ್ಗಾದ ನೆರಳು ನೆನಪಾಯಿತು.

ಮರುದಿನ ಸೋದರಳಿಯನಿಗೆ ಕರೆ ಮಾಡಿ, ನಾನು ಗದರಿಸಿದ್ದು ತಪ್ಪಾಯಿತೆಂದು ಹೇಳಿ ಬುಖಾರಿಯವರ ಉತ್ತರವನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮಾಮು, ಆದರೆ ನಾನು ಓದದಿದ್ದಾಗ, ಯಾರೂ ಓದದಿದ್ದಾಗ, ಆ ವಚನ ಅರಬಿಯಲ್ಲೇ ಇರುತ್ತದೆಯೇ?" ಎಂದ. ಅಶ್‌ಅರಿಗಳೂ ಹಂಬಲಿಗಳೂ ಶತಮಾನಗಳ ಕಾಲ ಬೇರೆ ಬೇರೆ ಉತ್ತರ ಕೊಟ್ಟ ಪ್ರಶ್ನೆ ಅದು. ಬರುವ ಭಾನುವಾರ ಮನೆಗೆ ಬಾ ಎಂದೆ.